ತರಗೆಲೆಯ ಲೆಕ್ಕ

ಸೊಪ್ಪು ಬೇರೆ, ತರಗು ಬೇರೆ. ನಮ್ಮ ಮಲೆನಾಡಿನ ಅಡಕೆ ತೋಟಿಗರು ಈ ಎರಡು ಮಾತುಗಳನ್ನು ಎಂದೂ ಒಂದರ ಬದಲು ಇನ್ನೊಂದನ್ನಾಗಿ ಬಳಸುವುದಿಲ್ಲ. ಮರದಲ್ಲಿ ಹಸಿರಾಗಿರುವಾಗಲೇ ಕಡಿದು ತಂದದ್ದು ಸೊಪ್ಪು. ಹಣ್ಣಾಗಿ ತಾನೇ ಉದುರಿ, ಬೇಸಗೆಯ ಬಿಸಿಲಿಗೆ ಗರಿಗರಿಯಾಗಿ ನೆಲದ ಮೇಲೆ ಬಿದ್ದಿರುವುದು ತರಗು. ಮರ ಒಂದೇ, ಎಲೆಯೂ ಒಂದೇ, ಹೆಸರು ಮಾತ್ರ ಎರಡು. ಕನ್ನಡ ಪಾಠ ಹೇಳುತ್ತಿದ್ದ ದಿನಗಳಲ್ಲಿ ನಾನು ಇದನ್ನು ಆಡುಮಾತಿನ ಪದಸಂಪತ್ತಿಗೆ ಒಂದು ಉದಾಹರಣೆಯಾಗಿ ವಿದ್ಯಾರ್ಥಿಗಳಿಗೆ ಕೊಡುವುದಿತ್ತು. ಈ ಭೇದವನ್ನು ತಕ್ಕಡಿಯಲ್ಲಿಟ್ಟು ತೂಗಬಹುದು ಎಂಬುದು ತಿಳಿದದ್ದು ನಿವೃತ್ತನಾಗಿ ಶಿರಸಿಯ ಕಡೆಯ ನಮ್ಮ ಹಳ್ಳಿಗೆ ಬಂದು ನೆಲೆಸಿದ ಮೇಲೆ. ತಿಳಿಸಿಕೊಟ್ಟವಳು ಸಸ್ಯಶಾಸ್ತ್ರ ಓದಿಕೊಂಡ ನನ್ನ ತಮ್ಮನ ಮಗಳು.

ವಿಷಯ ಪ್ರಾರಂಭವಾದದ್ದು ಒಂದು ತಕರಾರಿನಿಂದ. ಉತ್ತರ ಕನ್ನಡದ ಅಡಕೆ ತೋಟಗಳಿಗೆ ಸೊಪ್ಪಿನ ಬೆಟ್ಟವೆಂಬುದು ಬ್ರಿಟಿಷರ ಕಾಲದಿಂದ ನಡೆದುಬಂದ ಸವಲತ್ತು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟವಿದ್ದದ್ದುಂಟು. ಅಲ್ಲಿಯ ಸೊಪ್ಪು ತರಗುಗಳು ಕೊಟ್ಟಿಗೆಗೆ ಬಂದು, ದನದ ಕಾಲಡಿಯಲ್ಲಿ ಸಗಣಿ ಗಂಜಳದೊಡನೆ ಕಲೆತು, ಗೊಬ್ಬರವಾಗಿ ಕಣಿವೆಯ ತೋಟಕ್ಕೆ ಇಳಿಯಬೇಕು. ನಮ್ಮ ಬೆಟ್ಟದ ಒಂದು ಮಗ್ಗುಲಲ್ಲಿ ಮತ್ತಿ, ಹೊನ್ನೆಗಳಿವೆ. ಇನ್ನೊಂದು ಮಗ್ಗುಲು ಬೋಳಾಗಿದ್ದುದರಿಂದ ಹಿಂದೆ ಅಲ್ಲಿ ಅಕೇಶಿಯ ನೆಡಲಾಯಿತು. ಈಗ ಅಕೇಶಿಯದ ಬುಡದಲ್ಲಿ ಮೊಳಕಾಲು ಹೂತುಹೋಗುವಷ್ಟು ತರಗು. ಗುಡಿಸಿ ತರುವ ಆಳಿಗೆ ಕೂಲಿ ದುಬಾರಿ. ಹತ್ತಿರ ಸಿಕ್ಕಿದ್ದನ್ನು ತರುವುದು ಸುಲಭ. ಹಾಗೆ ತಂದು ಹಾಕಿದರೇನು ಎಂದು ಮನೆಯ ಹುಡುಗರು ಕೇಳಿದರು. ಪಕ್ಕದ ತೋಟದ ಹಿರಿಯರು ಮಾತ್ರ ತಲೆಯಲ್ಲಾಡಿಸಿ, "ಅದು ಕೊಳೆಯುವ ಎಲೆಯಲ್ಲ ಮಾಸ್ತರೇ, ಮಳೆಗಾಲ ಕಳೆದರೂ ಹಾಗೇ ಬಿದ್ದಿರುತ್ತದೆ" ಎಂದರು. ಎಷ್ಟು ಕೊಳೆಯುತ್ತದೆ, ಎಷ್ಟು ಕೊಳೆಯುವುದಿಲ್ಲ ಎಂದು ಕೇಳಿದರೆ ಇಬ್ಬರ ಬಳಿಯೂ ಉತ್ತರವಿಲ್ಲ. "ಅಳೆದು ನೋಡೋಣ ದೊಡ್ಡಪ್ಪ" ಎಂದಳು ಹುಡುಗಿ.

ಅಳೆಯುವ ಉಪಾಯ ಬಹಳ ಸರಳವಾದದ್ದು. ನೈಲಾನ್ ಬಲೆಯ ಬಟ್ಟೆಯಿಂದ ಗೇಣಗಲದ ಚೀಲ ಹೊಲಿಯಬೇಕು. ಅದರೊಳಗೆ ಒಣಗಿದ ಎಲೆಯನ್ನು ಹತ್ತು ಗ್ರಾಮಿನಷ್ಟು ತೂಗಿ ಹಾಕಿ, ಸಂಖ್ಯೆ ಕೆತ್ತಿದ ತಗಡಿನ ಚೂರನ್ನು ಜೊತೆಗಿಟ್ಟು, ಬಾಯಿ ಹೊಲಿದು, ನೆಲದ ಮೇಲೆ ಮೊಳೆ ಹೊಡೆದು ಮಲಗಿಸಬೇಕು. ಒಂದೊಂದು ಬಗೆಯ ಎಲೆಗೂ ಹಲವು ಹತ್ತು ಚೀಲ. ತಿಂಗಳಿಗೊಮ್ಮೆ ಪ್ರತಿ ಬಗೆಯಲ್ಲೂ ಐದೈದು ಚೀಲಗಳನ್ನು ಎತ್ತಿ ತಂದು, ಉಳಿದದ್ದನ್ನು ಒಣಗಿಸಿ ತೂಗಬೇಕು. ಎತ್ತಿದ ಚೀಲವನ್ನು ಮರಳಿ ಇಡುವಂತಿಲ್ಲ. ಒಣಗಿಸಿದ ಎಲೆಯಲ್ಲಿ ಕೊಳೆಸುವ ಜೀವಗಳು ಸತ್ತಿರುತ್ತವೆ. ಮತ್ತೆ ಇಟ್ಟರೆ ಅದು ಬೇರೆಯೇ ಕಥೆಯಾಗುತ್ತದೆ. ಇಂಗ್ಲೆಂಡಿನ ಕಾಡುಗಳಲ್ಲಿ ಬೊಕಾಕ್ ಮತ್ತು ಗಿಲ್ಬರ್ಟ್ ಎಂಬ ಇಬ್ಬರು 1957ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಈ ಚೀಲಗಳು ಪ್ರಸಿದ್ಧಿಗೆ ಬಂದವು. ಇಂದಿಗೂ ಜಗತ್ತಿನ ಎಲ್ಲ ಬಗೆಯ ಕಾಡುಗಳಲ್ಲಿ ಇವೇ ಬಳಕೆಯಲ್ಲಿವೆ. ನಾನು ಇದನ್ನು ತರಗುಚೀಲವೆಂದು ಕರೆಯುತ್ತೇನೆ.

ನಾವು ಆರಿಸಿದ್ದು ನಾಲ್ಕು ಬಗೆ: ಮತ್ತಿಯ ಸೊಪ್ಪು, ಮತ್ತಿಯ ತರಗು, ಅಕೇಶಿಯದ ತರಗು, ಮತ್ತು ಬೇಲಿಯಲ್ಲಿ ಬೆಳೆದ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯದ ಸೊಪ್ಪು. ಜೂನ್ ತಿಂಗಳ ಮೊದಲ ಮಳೆಗೆ ಮುಂಚೆ ಚೀಲಗಳು ತೋಟದ ನೆಲ ಸೇರಿದವು.

ಇನ್ನು ಲೆಕ್ಕದ ಮಾತು. ನಮ್ಮ ಪುಸ್ತಕದ ಅಂಕಿಗಳು ಒಂದು ತೋಟದ ಒಂದೇ ವರ್ಷದವು. ಅವನ್ನೇ ಓದಿದರೆ ಕೇಳುವವರಿಗೆ ಬೇಸರ, ಶಾಸ್ತ್ರಕ್ಕೂ ಅಂಥ ಲಾಭವಿಲ್ಲ. ಆದ್ದರಿಂದ ಕಿವಿಗೆ ಹಿಡಿಯುವಂಥ ದುಂಡು ಅಂಕಿಗಳನ್ನು ಉದಾಹರಣೆಗಾಗಿ ಇಟ್ಟುಕೊಳ್ಳುತ್ತೇನೆ.

ಹತ್ತು ಗ್ರಾಮ್ ಎಲೆ ನಾಲ್ಕು ತಿಂಗಳಲ್ಲಿ 3.7 ಗ್ರಾಮಿಗೆ ಇಳಿಯಿತೆನ್ನಿ. ಕಳೆದದ್ದು 6.3 ಗ್ರಾಮ್. ತಿಂಗಳಿಗೆ ಸುಮಾರು ಒಂದೂವರೆ ಗ್ರಾಮ್ ಹೋಗುತ್ತಿದೆ, ಇನ್ನೆರಡೂವರೆ ತಿಂಗಳಲ್ಲಿ ಚೀಲ ಬರಿದಾಗುತ್ತದೆ ಎಂದು ನಾವು ನೀವು ಹೇಳುತ್ತೇವೆ. ಆದರೆ ಎಲೆ ಹಾಗೆ ಕೊಳೆಯುವುದಿಲ್ಲ. ತಿಂಗಳು ತಿಂಗಳೂ ತೂಗಿದವರಿಗೆ ಕಾಣುವ ಸರಣಿ ಹತ್ತು, 7.8, 6.1, 4.7, 3.7 ಎಂಬಂತಿರುತ್ತದೆ. ಮೊದಲ ತಿಂಗಳಲ್ಲಿ ಹೋದದ್ದು 2.2 ಗ್ರಾಮ್, ನಾಲ್ಕನೆಯ ತಿಂಗಳಲ್ಲಿ ಕೇವಲ ಒಂದು ಗ್ರಾಮ್. ಕಳೆಯುವ ತೂಕ ಕಡಿಮೆಯಾಗುತ್ತ ಬಂದರೂ ಒಂದು ಸಂಗತಿ ಬದಲಾಗುವುದಿಲ್ಲ: ಪ್ರತಿ ತಿಂಗಳ ಕೊನೆಗೆ ಉಳಿಯುವುದು ಆ ತಿಂಗಳ ಆರಂಭದಲ್ಲಿದ್ದುದರ ನೂರಕ್ಕೆ 78 ಭಾಗ. ಇದು ತಿರುಗುಮುರುಗಾದ ಚಕ್ರಬಡ್ಡಿ. ಸಾಹುಕಾರನ ಅಸಲು ಬೆಳೆದಂತೆ ಬಡ್ಡಿಯೂ ಬೆಳೆಯುತ್ತದೆ. ಇಲ್ಲಿ ಅಸಲು ಕರಗಿದಂತೆ ಕರಗುವ ಮೊತ್ತವೂ ಕರಗುತ್ತದೆ.

ಈ ನಿಯಮವನ್ನು ಗಣಿತದವರು ಒಂದು ಸಾಲಿನಲ್ಲಿ ಬರೆಯುತ್ತಾರೆ:

W = W₀ e^(−kt)

ಮೊದಲಿದ್ದ ತೂಕ W₀, ಕಾಲ t, ಉಳಿದ ತೂಕ W. ಇದರಲ್ಲಿ ಎಲೆಯ ಸ್ವಭಾವವನ್ನು ಹೊತ್ತಿರುವುದು k ಎಂಬ ಒಂದೇ ಅಂಕಿ. ಅದನ್ನು ಕ್ಷಯಾಂಕವೆನ್ನೋಣ. ಅದನ್ನು ಕಂಡುಹಿಡಿಯುವ ಬಗೆಯೂ ಕಷ್ಟದ್ದಲ್ಲ. ಉಳಿದ ತೂಕವನ್ನು ಮೊದಲ ತೂಕದಿಂದ ಭಾಗಿಸಿ ಲಾಗರಿತಮ್ ತೆಗೆದರೆ ಮೇಲಿನ ಸರಣಿ ಸೊನ್ನೆ, −0.25, −0.50, −0.75, −1.00 ಎಂದಾಗುತ್ತದೆ. ಬಾಗಿ ಬಂದ ಗೆರೆ ನೆಟ್ಟಗಾಯಿತು. ಆ ಗೆರೆಯ ಇಳಿಜಾರೇ ಕ್ಷಯಾಂಕ: ತಿಂಗಳಿಗೆ 0.25. 0.693 ಎಂಬ ಅಂಕಿಯನ್ನು ಇದರಿಂದ ಭಾಗಿಸಿದರೆ ಎಲೆ ಅರ್ಧಕ್ಕೆ ಇಳಿಯುವ ಕಾಲ ಸಿಗುತ್ತದೆ. ಇಲ್ಲಿ ಮೂರು ತಿಂಗಳಿಗೆ ಕೊಂಚ ಕಡಿಮೆ. ಮೂರನ್ನು ಭಾಗಿಸಿದರೆ ನೂರರಲ್ಲಿ 95 ಭಾಗ ಹೋಗುವ ಕಾಲ. ಇಲ್ಲಿ ಒಂದು ವರ್ಷ. ಕ್ಷಯಾಂಕ 0.10 ಆಗಿರುವ ಇನ್ನೊಂದು ಎಲೆ ಅರ್ಧವಾಗಲು ಏಳು ತಿಂಗಳು ಬೇಕು. "ಬೇಗ ಕೊಳೆಯುತ್ತದೆ", "ಕೊಳೆಯುವುದೇ ಇಲ್ಲ" ಎಂಬ ಜಗಳ ಹೀಗೆ ಎರಡು ಅಂಕಿಗಳ ಹೋಲಿಕೆಯಾಗುತ್ತದೆ.

ಅಮೆರಿಕದ ಓಕ್ ರಿಜ್‌ನಲ್ಲಿದ್ದ ಜೆರ್ರಿ ಓಲ್ಸನ್ 1963ರಲ್ಲಿ ಬರೆದ ಲೇಖನದಲ್ಲಿ ಇದೇ ಅಂಕಿಯಿಂದ ಇನ್ನೊಂದು ಸಂಗತಿಯನ್ನು ತೆಗೆದು ತೋರಿಸಿದರು. ವರ್ಷ ವರ್ಷವೂ ಒಂದೇ ಪ್ರಮಾಣದ ತರಗು ಉದುರುವ ಕಾಡಿನಲ್ಲಿ ನೆಲದ ಮೇಲಿನ ರಾಶಿ ಎಂದೆಂದಿಗೂ ಬೆಳೆಯುತ್ತ ಹೋಗುವುದಿಲ್ಲ. ಉದುರುವುದೂ ಕರಗುವುದೂ ಸರಿಸಮವಾದಾಗ ಅದು ನಿಲ್ಲುತ್ತದೆ. ನಿಂತ ರಾಶಿಯ ತೂಕವೆಂದರೆ ವರ್ಷದ ತರಗನ್ನು ವರ್ಷದ ಕ್ಷಯಾಂಕದಿಂದ ಭಾಗಿಸಿದಷ್ಟು. ಕ್ಷಯಾಂಕ ವರ್ಷಕ್ಕೆ ಮೂರಾದರೆ ನೆಲದ ಮೇಲಿರುವುದು ಸರಾಸರಿ ನಾಲ್ಕು ತಿಂಗಳ ತರಗು. ಅರ್ಧವಾದರೆ ಎರಡು ವರ್ಷದ್ದು. ನಮ್ಮ ಅಕೇಶಿಯದ ಬುಡದ ಆ ಮೊಳಕಾಲುದ್ದದ ರಾಶಿ ಚೀಲಗಳಿಲ್ಲದೆಯೇ ಅರ್ಧ ಉತ್ತರ ಹೇಳುತ್ತಿತ್ತು.

ಅರ್ಧವೆಂದೆ, ಏಕೆಂದರೆ ರಾಶಿ ದಪ್ಪವಾಗಿರುವುದಕ್ಕೆ ಮರ ಹೆಚ್ಚು ಉದುರಿಸುವುದೂ ಕಾರಣವಿರಬಹುದು. ಎಲೆಯ ಸ್ವಭಾವವನ್ನು ಬೇರ್ಪಡಿಸಿ ತೋರಿಸುವುದು ಚೀಲ. ಆದರೆ ಚೀಲವೂ ಸುಳ್ಳು ಹೇಳಬಲ್ಲದು, ಅದರಲ್ಲೂ ಮಲೆನಾಡಿನ ಮಳೆಯಲ್ಲಿ. ಜುಲೈ ತಿಂಗಳಲ್ಲಿ ಎತ್ತಿದ ಒಂದು ಚೀಲ ಹತ್ತರ ಬದಲು ಹನ್ನೊಂದು ಗ್ರಾಮ್ ತೂಗಿತು! ಕೊಳೆತ ಎಲೆ ಬೆಳೆಯುವುದುಂಟೇ? ಬಿಚ್ಚಿ ನೋಡಿದರೆ ಒಳಗೆ ಗೆದ್ದಲಿನ ಮಣ್ಣು. ಮಳೆಯ ಸಿಡಿತಕ್ಕೆ ನುಗ್ಗಿದ ಕೆಸರು ಬೇರೆ. ಹೀಗೆ ಕಣ್ಣಿಗೆ ರಾಚಿದರೆ ಪುಣ್ಯ. ಒಂದೆರಡು ಗ್ರಾಮ್ ಮಣ್ಣು ಸದ್ದಿಲ್ಲದೆ ಸೇರಿದ್ದರೆ ಎಲೆ ಕೊಳೆಯಲು ಹಿಂಜರಿಯುತ್ತಿದೆ ಎಂದೇ ನಾವು ತಿಳಿಯುತ್ತೇವೆ.

ಇದಕ್ಕೆ ಪರಿಹಾರ ಬೂದಿ. ಉಳಿದ ಎಲೆಯ ಒಂದು ಪಾಲನ್ನು ಪುಡಿ ಮಾಡಿ, 500 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದ ಕುಲುಮೆಯಲ್ಲಿ ಸುಡುತ್ತಾರೆ. ಸುಟ್ಟುಹೋದದ್ದು ಎಲೆ, ಉಳಿದ ಬೂದಿಯಲ್ಲಿ ಎಲೆಯ ಖನಿಜವೂ ಹೊರಗಿನ ಮಣ್ಣೂ ಇರುತ್ತವೆ. ಆರಂಭದ ಹತ್ತು ಗ್ರಾಮಿನಲ್ಲಿ 0.8 ಗ್ರಾಮ್ ಬೂದಿಯಿದ್ದರೆ ಸುಡುವ ಪದಾರ್ಥ 9.2 ಗ್ರಾಮ್. ಎತ್ತಿದ ಚೀಲ ಆರು ಗ್ರಾಮ್ ತೂಗಿ, ಅದರಲ್ಲಿ ಎರಡು ಗ್ರಾಮ್ ಬೂದಿಯಾದರೆ ನಿಜವಾದ ಎಲೆ ನಾಲ್ಕೇ ಗ್ರಾಮ್. ನೂರರಲ್ಲಿ 60 ಭಾಗ ಉಳಿದಿದೆ ಎಂದು ಕಂಡದ್ದು ವಾಸ್ತವವಾಗಿ 43. ಈ ಕೆಲಸಕ್ಕೆ ಮಾತ್ರ ನಮ್ಮ ಮನೆಯ ಒಲೆ ಸಾಲದು. ಹುಡುಗಿ ಪೊಟ್ಟಣಗಳನ್ನು ಕಟ್ಟಿಕೊಂಡು ತನ್ನ ಕಾಲೇಜಿಗೆ ಹೋದಳು.

ಚೀಲದ ಇನ್ನೊಂದು ತೊಡಕು ಅದರ ಕಣ್ಣು, ಅಂದರೆ ಬಲೆಯ ರಂಧ್ರ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಎಡ್ವರ್ಡ್ಸ್ ಮತ್ತು ಹೀತ್ ಎಂಬವರು ಓಕ್ ಮತ್ತು ಬೀಚ್ ಮರಗಳ ಎಲೆಯಿಂದ ಬಿಲ್ಲೆಗಳನ್ನು ಕತ್ತರಿಸಿ, ಏಳು ಮಿಲಿಮೀಟರ್, ಒಂದು, ಅರ್ಧ, ಕೊನೆಗೆ ಮಿಲಿಮೀಟರಿನ ಸಾವಿರದಲ್ಲಿ ಮೂರು ಭಾಗ, ಹೀಗೆ ನಾಲ್ಕು ಬಗೆಯ ಕಣ್ಣುಳ್ಳ ಚೀಲಗಳಲ್ಲಿ ಹೂತರು. 1963ರಲ್ಲಿ ಪ್ರಕಟವಾದ ಅವರ ಫಲಿತಾಂಶದಲ್ಲಿ, ಎರೆಹುಳು ನುಗ್ಗಬಹುದಾದ ದೊಡ್ಡ ಕಣ್ಣಿನ ಚೀಲದ ಎಲೆ ಎಲ್ಲಕ್ಕಿಂತ ಬೇಗ ಮಾಯವಾಯಿತು. ಸೂಕ್ಷ್ಮಜೀವಿಗಳಿಗೆ ಮಾತ್ರ ದಾರಿಯಿದ್ದ ಚೀಲದಲ್ಲಿ ಬಿಲ್ಲೆಗಳು ನೋಟಕ್ಕೆ ಇಡಿಯಾಗಿಯೇ ಇದ್ದವು. ಕೊಳೆಸುವುದು ಬೂಸ್ಟು, ಬ್ಯಾಕ್ಟೀರಿಯಗಳ ಕೆಲಸವಾದರೂ ಎಲೆಯನ್ನು ಹರಿದು ಚೂರು ಮಾಡಿಕೊಡುವವರು ಹುಳುಗಳು. ಹಾಗೆಂದು ಕಣ್ಣನ್ನು ತೀರ ದೊಡ್ಡದು ಮಾಡಿದರೆ ಕೊಳೆಯದ ಚೂರುಗಳೂ ಉದುರಿಹೋಗಿ ಕೊಳೆತ ಲೆಕ್ಕಕ್ಕೆ ಸೇರುತ್ತವೆ. ಬಹುಮಂದಿ ಒಂದೆರಡು ಮಿಲಿಮೀಟರಿನ ಕಣ್ಣಿಗೆ ಒಪ್ಪಿಕೊಂಡಿದ್ದಾರೆ. ನಾವೂ ಅಷ್ಟನ್ನೇ ಬಳಸಿದೆವು. ಆದ್ದರಿಂದ ಚೀಲದ ಕ್ಷಯಾಂಕ ಬಯಲಿನಲ್ಲಿ ಬಿದ್ದ ಎಲೆಯದೇ ಎನ್ನುವಂತಿಲ್ಲ. ಆದರೆ ಒಂದೇ ಬಲೆ, ಒಂದೇ ನೆಲ, ಒಂದೇ ದಿನ ಇಟ್ಟ ಎರಡು ಎಲೆಗಳನ್ನು ಹೋಲಿಸಲು ಅಡ್ಡಿಯಿಲ್ಲ.

ಇನ್ನು ಈ ಪ್ರಯೋಗದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಹಿಡಿದಿಟ್ಟ ಸಂಗತಿ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಮ್ಮ ಗೆರೆಗಳು ಲಾಗರಿತಮ್ ಕಾಗದದ ಮೇಲೆ ಅಳತೆಪಟ್ಟಿ ಇಟ್ಟು ಎಳೆದಂತೆ ನೆಟ್ಟಗಿದ್ದವು. ನವರಾತ್ರಿಯ ಹೊತ್ತಿಗೆ ನಿಲ್ಲಿಸಿದ್ದರೆ ಪ್ರಬಂಧ ಬರೆಯುವಷ್ಟು ಸೊಗಸಾಗಿತ್ತು. ಚೀಲಗಳು ಉಳಿದಿದ್ದವು, ಮುಂದುವರಿಸಿದೆವು. ಮಳೆ ನಿಂತ ಮೇಲೆ ಗೆರೆ ಬಾಗಿತು. ಜನವರಿಯ ನಂತರ ಹೆಚ್ಚುಕಡಮೆ ಅಡ್ಡ ಮಲಗಿತು.

ಇದರ ಪರಿಣಾಮ ಎಷ್ಟೆಂಬುದನ್ನು ಮತ್ತೆ ದುಂಡು ಅಂಕಿಗಳಲ್ಲೇ ನೋಡಿ. ಮಳೆಯ ನಾಲ್ಕು ತಿಂಗಳು ಕ್ಷಯಾಂಕ ತಿಂಗಳಿಗೆ 0.15 ಇರಲಿ. ಹತ್ತು ಗ್ರಾಮ್ 5.5ಕ್ಕೆ ಇಳಿಯುತ್ತದೆ. ಇಷ್ಟನ್ನೇ ಅಳೆದವನು ಹನ್ನೆರಡರಿಂದ ಗುಣಿಸಿ, ವರ್ಷದ ಕ್ಷಯಾಂಕ 1.8 ಎಂದು ಬರೆದು, ವರ್ಷದ ಕೊನೆಗೆ ಉಳಿಯುವುದು 1.7 ಗ್ರಾಮ್ ಎನ್ನುತ್ತಾನೆ. ಆದರೆ ಒಣಗಿನ ಎಂಟು ತಿಂಗಳಲ್ಲಿ ಕ್ಷಯಾಂಕ 0.02ಕ್ಕೆ ಬಿದ್ದರೆ 5.5 ಗ್ರಾಮ್ ಇಳಿಯುವುದು 4.7ಕ್ಕೆ ಮಾತ್ರ. ವರ್ಷದ ನಿಜವಾದ ಕ್ಷಯಾಂಕ 0.76. ತೋಟದಲ್ಲಿ ಉಳಿದದ್ದು ಲೆಕ್ಕ ಹೇಳಿದ್ದಕ್ಕಿಂತ ಸುಮಾರು ಮೂರು ಪಟ್ಟು! ವರ್ಷವಿಡೀ ತೇವವಿರುವ ನೆಲದಲ್ಲಿ ಒಂದೇ ಕ್ಷಯಾಂಕದಿಂದ ಕೆಲಸ ನಡೆದೀತು. ನಾಲ್ಕು ತಿಂಗಳಲ್ಲಿ ವರ್ಷದ ಮಳೆಯನ್ನು ಸುರಿಸಿಕೊಂಡುಬಿಡುವ ನಮ್ಮ ನೆಲದಲ್ಲಿ ಕಾಲವನ್ನು ಪಂಚಾಂಗದ ತಿಂಗಳುಗಳಲ್ಲಿ ಎಣಿಸುವುದಕ್ಕಿಂತ ನೆಲ ಒದ್ದೆಯಾಗಿದ್ದ ದಿನಗಳಲ್ಲಿ ಎಣಿಸುವುದೇ ಮೇಲೆಂದು ನನ್ನ ಅಭಿಪ್ರಾಯ.

ಗೆರೆ ಬಾಗಲು ಒಣಗೊಂದೇ ಕಾರಣವಲ್ಲ. ಎಲೆಯಲ್ಲಿ ಸಕ್ಕರೆ, ಪಿಷ್ಟಗಳಂಥ ಮೃದು ಪದಾರ್ಥಗಳಿವೆ; ನಾರಿದೆ; ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಇದೆ. ಮೊದಲನೆಯದನ್ನು ಮಳೆನೀರೇ ತೊಳೆದುಕೊಂಡು ಹೋಗುತ್ತದೆ. ಲಿಗ್ನಿನ್ ಮಾತ್ರ ಕೊನೆಯವರೆಗೂ ಹಟ ಹಿಡಿದು ಕೂರುತ್ತದೆ. ಹೀಗಾಗಿ ತಡವಾಗಿ ಎತ್ತಿದ ಚೀಲದಲ್ಲಿರುವುದು ಅದೇ ಎಲೆಯ ಕಡಿಮೆ ತೂಕವಲ್ಲ, ಬೇರೊಂದು ವಸ್ತು. ಮಳೆಯ ಗುಣವೋ ಎಲೆಯ ಗುಣವೋ ಎಂದು ಬೇರ್ಪಡಿಸಲು ಒಂದು ದಾರಿಯಿದೆ: ಎರಡನೆಯ ಮಳೆಗಾಲ. ಮತ್ತೆ ತೇವ ಬಂದಾಗ ಗೆರೆ ಮೊದಲಿನ ಇಳಿಜಾರನ್ನೇ ಹಿಡಿದರೆ ತಡೆದದ್ದು ಒಣಗು, ಹಿಡಿಯದಿದ್ದರೆ ಲಿಗ್ನಿನ್.

ಲಾಗರಿತಮ್ ಗೆರೆಯ ಬಗ್ಗೆಯೂ ಒಂದು ಎಚ್ಚರಿಕೆಯ ಮಾತು. ಗ್ಲಿರಿಸಿಡಿಯದಂಥ ಮೃದುವಾದ ಎಲೆ ಬೇಗನೆ ಚಿಟಿಕೆಯಷ್ಟಕ್ಕೆ ಇಳಿಯುತ್ತದೆ. ಎಂಟು ಗ್ರಾಮ್ ಇರುವಲ್ಲಿ ತಕ್ಕಡಿ 0.1 ಗ್ರಾಮ್ ಆಚೀಚೆ ಹೇಳಿದರೆ ಗೆರೆಗೆ ತಿಳಿಯುವುದೂ ಇಲ್ಲ. 0.3 ಗ್ರಾಮ್ ಉಳಿದಿರುವಲ್ಲಿ ಅಷ್ಟೇ ಹೆಚ್ಚುಕಮ್ಮಿಯಾದರೆ ಲಾಗರಿತಮ್ ಇಪ್ಪತ್ತು ಪಟ್ಟಿಗೂ ಹೆಚ್ಚು ಜಿಗಿಯುತ್ತದೆ. ಕೊನೆಯ ಆ ಚಿಟಿಕೆ ಇಡೀ ಗೆರೆಯನ್ನು ತನ್ನತ್ತ ಎಳೆಯುತ್ತದೆ. ಅದಕ್ಕಾಗಿ ಈಗಿನವರು ಲಾಗರಿತಮ್ ತೆಗೆಯದೆ, ತೂಕಕ್ಕೇ ನೇರವಾಗಿ ಬಾಗುಗೆರೆಯನ್ನು ಹೊಂದಿಸುವಂತೆ ಕಂಪ್ಯೂಟರಿಗೆ ಹೇಳುತ್ತಾರೆ. ಎರಡು ವಿಧಾನಗಳ ಕ್ಷಯಾಂಕಗಳೂ ಹತ್ತಿರವಿದ್ದರೆ ನೆಮ್ಮದಿ. ದೂರವಿದ್ದರೆ ಕೊನೆಯ ಚೀಲಗಳನ್ನು ಮತ್ತೊಮ್ಮೆ ಪರಿಶೀಲಿಸಬೇಕು.

ಈಗ ನಮ್ಮ ನಾಲ್ಕು ಎಲೆಗಳಿಗೆ ಬರೋಣ. ಮೊದಲು ಕರಗಿದ್ದು ಗ್ಲಿರಿಸಿಡಿಯ. ಅದರ ಹಿಂದೆ ಮತ್ತಿಯ ಸೊಪ್ಪು, ಅದರ ಹಿಂದೆ ಮತ್ತಿಯ ತರಗು, ಎಲ್ಲಕ್ಕೂ ಕೊನೆಗೆ ಅಕೇಶಿಯ. ಒಂದೇ ಬಗೆಯ ಐದು ಚೀಲಗಳೊಳಗಿನ ವ್ಯತ್ಯಾಸಕ್ಕಿಂತ ಬಗೆ ಬಗೆಗಳ ನಡುವಣ ವ್ಯತ್ಯಾಸ ದೊಡ್ಡದಾಗಿದ್ದುದರಿಂದ ಈ ಕ್ರಮವನ್ನು ನಂಬಬಹುದು. ಸೊಪ್ಪು ತರಗನ್ನು ಹಿಂದೆ ಹಾಕಿದ್ದಕ್ಕೆ ಕಾರಣವಿದೆ. ಎಲೆಯನ್ನು ಉದುರಿಸುವ ಮುನ್ನ ಮರ ಅದರೊಳಗಿನ ಸಾರಜನಕದ ದೊಡ್ಡ ಪಾಲನ್ನು, ಹಲವೊಮ್ಮೆ ಅರ್ಧದಷ್ಟನ್ನು, ಕೊಂಬೆಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಸೊಪ್ಪು ಕಡಿಯುವವನು ಮರದ ಉಳಿತಾಯಕ್ಕೆ ಕೈಹಾಕುತ್ತಾನೆ. ತರಗು ಗುಡಿಸುವವನು ಮರ ಬಿಟ್ಟುಕೊಟ್ಟದ್ದನ್ನು ಮಾತ್ರ ತರುತ್ತಾನೆ. ತೋಟಿಗರ ಎರಡು ಪದಗಳ ನಡುವೆ ಇಷ್ಟು ಸಾರಜನಕವಿದೆ!

ಅಮೆರಿಕದ ಹಬಾರ್ಡ್ ಬ್ರೂಕ್ ಕಾಡಿನಲ್ಲಿ ಆರು ಜಾತಿಯ ಎಲೆಗಳನ್ನು ಹೋಲಿಸಿದ ಮೆಲಿಲ್ಲೊ ಮತ್ತು ಸಂಗಡಿಗರು 1982ರಲ್ಲಿ, ಎಲೆಯಲ್ಲಿರುವ ಲಿಗ್ನಿನ್ನನ್ನು ಸಾರಜನಕದಿಂದ ಭಾಗಿಸಿದರೆ ಬರುವ ಅಂಕಿ ಹೆಚ್ಚಿದಂತೆ ಕ್ಷಯಾಂಕ ಇಳಿಯುತ್ತದೆಂದು ತೋರಿಸಿದ್ದರು. ಅಕೇಶಿಯಕ್ಕೆ ಬಂದಾಗ ಆ ಭಾಗಾಕಾರದ ಎರಡೂ ತುದಿಗಳು ಏಕೆ ಬೇಕೆಂದು ಅರ್ಥವಾಗುತ್ತದೆ. ಅದು ಬೇರಿನಲ್ಲಿ ಸಾರಜನಕ ಕೂಡಿಡುವ ಜಾತಿ. ಸಾರಜನಕವೊಂದನ್ನೇ ನೋಡಿದರೆ ಬೇಗ ಕೊಳೆಯಬೇಕಿತ್ತು. ಆದರೆ ನಾವು ಅದರ ಎಲೆಯೆನ್ನುವುದು ಎಲೆಯೇ ಅಲ್ಲ. ನಿಜವಾದ ಎಲೆ ಸಸಿಯಲ್ಲಿ ಕೆಲವು ದಿನ ಕಾಣಿಸಿಕೊಂಡು ಹೋಗುತ್ತದೆ. ಆಮೇಲೆ ತೊಟ್ಟೇ ಚಪ್ಪಟೆಯಾಗಿ ಎಲೆಯ ಕೆಲಸಕ್ಕೆ ನಿಲ್ಲುತ್ತದೆ. ಆಸ್ಟ್ರೇಲಿಯದ ಒಣಹವೆಗೆ ತಕ್ಕ ದಪ್ಪ ಚರ್ಮ, ಗಡಸು ನರಗಳು. ಬೂಸ್ಟಿಗೆ ಅದು ಬೇಗ ಬಾಯಿಗೆ ಸಿಗದ ತುತ್ತು.

ಪಕ್ಕದ ತೋಟದ ಹಿರಿಯರಿಗೆ ಫಲಿತಾಂಶ ಹೇಳಿದೆ. ಅವರು ಗೆದ್ದೆನೆಂದು ಬೀಗಲಿಲ್ಲ, "ಹಾಗಾದರೆ ಗೊಬ್ಬರದ ಗಿಡವೇ ಒಳ್ಳೆಯದೋ?" ಎಂದು ಕೇಳಿದರು. ಕ್ಷಯಾಂಕ ದೊಡ್ಡದಾದ ಮಾತ್ರಕ್ಕೆ ಎಲೆ ಒಳ್ಳೆಯದೆಂದಲ್ಲ. ಜೂನ್‌ನಲ್ಲಿ ಹಾಕಿದ ಗ್ಲಿರಿಸಿಡಿಯ ಜುಲೈಯ ಜಡಿಮಳೆಯ ನಡುವೆಯೇ ಕರಗಿ, ಅಡಕೆಯ ಬೇರು ಹೀರುವ ಮೊದಲೇ ಅದರ ಸಾರ ಹಳ್ಳದ ಪಾಲಾಗಬಹುದು. ಅಕೇಶಿಯದ ತರಗಾದರೆ ಅದೇ ಮಳೆಯ ಹನಿಗಳ ಏಟನ್ನು ತಾನು ತಿಂದು ಮಣ್ಣನ್ನು ಉಳಿಸುತ್ತದೆ. ಅದನ್ನೇ ಕೊಟ್ಟಿಗೆಗೆ ಹಾಕಿದರೆ ಗೊಬ್ಬರಗುಂಡಿಯಲ್ಲಿ ಬೆಳೆಯುವ ಬೂಸ್ಟು ತನ್ನ ಮೈ ಕಟ್ಟಿಕೊಳ್ಳಲು ಸಗಣಿಯ ಸಾರಜನಕವನ್ನೇ ಕೆಲವು ಕಾಲ ಹಿಡಿದಿಟ್ಟುಕೊಳ್ಳುವ ಸಂಭವವುಂಟು. ಆದ್ದರಿಂದ ಈ ವರ್ಷ ಕೊಟ್ಟಿಗೆಗೆ ಮತ್ತಿಯ ತರಗು ಬಂದಿದೆ. ಅಕೇಶಿಯ ತೋಟದ ಮೇಲಂಚಿನ ಇಳಿಜಾರಿಗೆ ಹೊದಿಕೆಯಾಗಿ ಬಿದ್ದಿದೆ. ಗೊಬ್ಬರದ ಗಿಡವನ್ನು ಮಳೆ ಇಳಿಮುಖವಾದ ಮೇಲೆ, ಸೆಪ್ಟೆಂಬರಿನಲ್ಲಿ ಕಡಿಯುವುದೆಂದು ಗೊತ್ತುಮಾಡಿದ್ದೇವೆ.

ಅಕೇಶಿಯದ ಹತ್ತು ಚೀಲಗಳು ಇನ್ನೂ ನೆಲದ ಮೇಲೆಯೇ ಇವೆ. ಎರಡನೆಯ ಮಳೆಗಾಲದ ನಡುವೆ ಐದು, ಅದು ಮುಗಿದಾಗ ಐದು, ಹೀಗೆ ಎತ್ತಬೇಕು. ಗೆರೆ ಮತ್ತೆ ಇಳಿಯುವುದೋ, ಲಿಗ್ನಿನ್ ಅದನ್ನು ಹಿಡಿದು ನಿಲ್ಲಿಸುವುದೋ, ಆ ತೂಕಗಳು ಹೇಳಬೇಕು.